ಐದು ಪೈಸೆಗೆ ತಿರಸ್ಕೃತವಾದ ಆರ್ಡರ್

ಒಂದು ಷೇರನ್ನು 1,432.60 ರೂಪಾಯಿಗೆ ಕೊಂಡಾಗಿದೆ. ಶೇಕಡಾ ಒಂದಕ್ಕಿಂತ ಹೆಚ್ಚು ಬಿದ್ದರೆ ತಾನೇ ಮಾರಬೇಕು ಎಂದು ಪ್ರೋಗ್ರಾಮಿಗೆ ಹೇಳಿದ್ದಾರೆ. ಅದು ಲೆಕ್ಕ ಹಾಕಿ ಕೊಡುವ ಬೆಲೆ 1,418.274. ಇಂಥ ಬೆಲೆ ಪೇಟೆಯಲ್ಲಿ ಇಲ್ಲವೇ ಇಲ್ಲ. ಎನ್‌ಎಸ್‌ಇಯಲ್ಲಿ ಬೆಲೆ ಏರಿಳಿಯುವುದು ಮೆಟ್ಟಿಲು ಮೆಟ್ಟಿಲಾಗಿ. ಒಂದು ಮೆಟ್ಟಿಲಿನ ಎತ್ತರವೇ ಟಿಕ್ ಸೈಜ್.

ಬಹುಕಾಲ ಹೆಚ್ಚಿನ ಷೇರುಗಳಿಗೆ ಈ ಟಿಕ್ ಐದು ಪೈಸೆಯೇ ಆಗಿತ್ತು. ಹಾಗಾಗಿ ಎಷ್ಟೋ ಪ್ರೋಗ್ರಾಮುಗಳಲ್ಲಿ 0.05 ಎಂದು ನೇರವಾಗಿ ಬರೆದಿಟ್ಟುಬಿಟ್ಟಿದ್ದರು. 2024ರ ಜೂನ್‌ನಲ್ಲಿ 250 ರೂಪಾಯಿಗಿಂತ ಕೆಳಗಿನ ಷೇರುಗಳ ಟಿಕ್ ಒಂದು ಪೈಸೆಗೆ ಇಳಿಯಿತು. 2025ರ ಏಪ್ರಿಲ್‌ನಿಂದ ದುಬಾರಿ ಷೇರುಗಳದ್ದು ಏರಿತು: ಸಾವಿರದಿಂದ ಐದು ಸಾವಿರದವರೆಗಿನವಕ್ಕೆ ಹತ್ತು ಪೈಸೆ, ಇಪ್ಪತ್ತು ಸಾವಿರ ದಾಟಿದವಕ್ಕೆ ಐದು ರೂಪಾಯಿ.

ಹಳೆಯ ಪ್ರೋಗ್ರಾಮು ನಮ್ಮ ಬೆಲೆಯನ್ನು 1,418.25ಕ್ಕೆ ತರುತ್ತದೆ. ಹತ್ತು ಪೈಸೆಯ ಮೆಟ್ಟಿಲಿಗೆ ಅದು ಕೂರದು, ಆರ್ಡರ್ ತಿರಸ್ಕೃತ. ಈ ದೋಷ ತುಸು ಕಪಟಿ. ಐದರ ಗುಣಕಗಳಲ್ಲಿ ಅರ್ಧದಷ್ಟು ಹತ್ತರ ಗುಣಕಗಳೂ ಆಗಿರುವುದರಿಂದ ಹೆಚ್ಚುಕಡಿಮೆ ಅರ್ಧ ಆರ್ಡರ್‌ಗಳು ಸಲೀಸಾಗಿ ಹೋಗುತ್ತವೆ. ಇಂಟರ್‌ನೆಟ್ ಕೈಕೊಟ್ಟಿತೇನೋ ಎಂದು ಹುಡುಕುತ್ತಾ ಕೂರುವವರು, ತಿರಸ್ಕೃತವಾದ ಬೆಲೆಗಳ ಕೊನೆಯ ಅಂಕಿಯನ್ನೊಮ್ಮೆ ನೋಡಬೇಕು: ಎಲ್ಲವೂ ಐದು!

ಸರಿಯಾದ ಬೆಲೆ 1,418.20 ಇರಬಹುದು, 1,418.30 ಇರಬಹುದು. ಯಾವುದು ಹತ್ತಿರ ಎಂದು ನೋಡಿದರೆ ಸಾಲದು, ಉದ್ದೇಶ ಏನೆಂದು ನೋಡಬೇಕು. ನಷ್ಟ ಶೇಕಡಾ ಒಂದನ್ನು ಮೀರಬಾರದು ಎಂದಿದ್ದರೆ ಮೇಲಿನದು. ಕೊಳ್ಳುವ ಲಿಮಿಟ್ ಆರ್ಡರ್ ಆದರೆ ಕೆಳಗಿನದು. ಇಲ್ಲದಿದ್ದರೆ ಗೊತ್ತು ಮಾಡಿಕೊಂಡ ಗರಿಷ್ಠ ಬೆಲೆಗಿಂತ ಹೆಚ್ಚು ತೆತ್ತಂತೆ.

ಇಲ್ಲಿ ಕಂಪ್ಯೂಟರಿನದೂ ಒಂದು ಕುಚೇಷ್ಟೆಯಿದೆ. ಪೈಥಾನ್‌ಗೆ ಹದಿನೈದು ಪೈಸೆಯಲ್ಲಿ ಎಷ್ಟು ಟಿಕ್ ಎಂದು ಕೇಳಿದರೆ:

```python
>>> 0.15 / 0.05
2.9999999999999996
```

ದಶಮಾಂಶ ಕತ್ತರಿಸಿದರೆ ಮೂರು ಹೋಗಿ ಎರಡಾಗುತ್ತದೆ. ಬೆಲೆಯನ್ನೂ ಟಿಕ್ಕನ್ನೂ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಂಡು ಭಾಗಿಸಿದರೆ ಈ ತಂಟೆಯಿಲ್ಲ.

ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಪ್ರಮಾಣಕ್ಕೂ ಕಟ್ಟುಪಾಡುಂಟು. ನಿಫ್ಟಿಯ ಲಾಟ್ ಸೈಜ್ 2024ರ ನವೆಂಬರ್‌ನಲ್ಲಿ 25ರಿಂದ 75ಕ್ಕೇರಿತು. ಒಬ್ಬರು 30,000 ರೂಪಾಯಿ ನಷ್ಟಕ್ಕೆ ಸಿದ್ಧರಿದ್ದು, ಒಂದು ಯೂನಿಟ್ಟಿಗೆ 90 ರೂಪಾಯಿ ಹೋಗಬಹುದು ಎಂದುಕೊಂಡರೆ ಲೆಕ್ಕಕ್ಕೆ ಬರುವುದು 333 ಯೂನಿಟ್. ಹಳೆಯ ಲಾಟ್‌ನಲ್ಲಿ 325 ಕೊಳ್ಳಬಹುದಿತ್ತು; 75ರ ಲಾಟ್‌ನಲ್ಲಿ 300 ಮಾತ್ರ. ಐದನೇ ಲಾಟ್ ಸೇರಿಸಿ 375 ಮಾಡಿದರೆ ನಷ್ಟದ ಮಿತಿ 33,750ಕ್ಕೆ ಜಿಗಿಯುತ್ತದೆ. ಆದ್ದರಿಂದ ಪ್ರಮಾಣವನ್ನು ಯಾವಾಗಲೂ ಇಳಿಸಬೇಕು. ಇಳಿಸಿ ಸೊನ್ನೆ ಬಂದರೆ ಆರ್ಡರ್ ಕಳಿಸಲೇಬಾರದು. ಕಡೇಪಕ್ಷ ಒಂದಾದರೂ ಇರಲಿ ಎಂದು ಪ್ರೋಗ್ರಾಮು ಔದಾರ್ಯ ತೋರಿದರೆ ಕಳೆದುಕೊಳ್ಳುವುದು ಯಜಮಾನರ ದುಡ್ಡು.

ಈ ಅಂಕಿಗಳನ್ನು ಕೋಡಿನಲ್ಲಿ ಬರೆದಿಡುವ ಅಗತ್ಯವೇ ಇಲ್ಲ. ಬೆಂಗಳೂರಿನ ಜೆರೋಧಾದ ಕೈಟ್ ಕನೆಕ್ಟ್‌ನಂಥ ಸೇವೆಗಳು ದಿನವೂ ಕೊಡುವ ಪಟ್ಟಿಯಲ್ಲಿ `tick_size`, `lot_size` ಎಂಬ ಕಾಲಂಗಳಿರುತ್ತವೆ. ಷೇರಿನ ಬೆಲೆ ಬದಲಾದಂತೆ ಅದರ ಟಿಕ್ಕನ್ನು ಎನ್‌ಎಸ್‌ಇ ತಿಂಗಳಿಗೊಮ್ಮೆ ಮರುಪರಿಶೀಲಿಸುವುದರಿಂದ, ಆ ಪಟ್ಟಿಯನ್ನು ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುವ ಮೊದಲೇ ಪ್ರೋಗ್ರಾಮು ಓದಿಕೊಂಡಿರಬೇಕು.