ಕಂಬ ಗಿಡ್ಡವಾದರೆ ಬೆಲೆ ಬಿದ್ದಂತಲ್ಲ

ಷೇರಿನ ಚಾರ್ಟಿಗೆ ಎಂಎಸಿಡಿ ಹಾಕಿದರೆ ಬೆಲೆಯ ಕೆಳಗೆ ಇನ್ನೊಂದು ಪಟ್ಟಿ ಮೂಡುತ್ತದೆ. ಅದರಲ್ಲಿ ಎರಡು ಗೆರೆಗಳಿರುತ್ತವೆ, ಜೊತೆಗೆ ಸೊನ್ನೆಯ ಮೇಲಕ್ಕೂ ಕೆಳಕ್ಕೂ ಎದ್ದ ಕಂಬಗಳ ಸಾಲು. ಆ ಕಂಬಗಳೇ ಹಿಸ್ಟೊಗ್ರಾಂ. ಹಸಿರು ಕಂಬಗಳು ಗಿಡ್ಡವಾಗತೊಡಗಿದರೆ ಮಾರಬೇಕು, ಕೆಂಪು ಕಂಬಗಳು ಗಿಡ್ಡವಾಗತೊಡಗಿದರೆ ಕೊಳ್ಳಬೇಕು ಎಂದು ಹೊಸಬರು ಬೇಗ ಕಲಿತುಬಿಡುತ್ತಾರೆ. ಕಂಬ ನಿಜವಾಗಿ ಏನನ್ನು ಅಳೆಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದವರು ಈ ಸೂತ್ರವನ್ನು ಅಷ್ಟು ಸಲೀಸಾಗಿ ಒಪ್ಪಲಾರರು.

ಎಂಎಸಿಡಿಯನ್ನು 1970ರ ದಶಕದ ಕೊನೆಯಲ್ಲಿ ರೂಪಿಸಿದವರು ಅಮೆರಿಕದ ಜೆರಾಲ್ಡ್ ಅಪೆಲ್. ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಟ್ಟು 12 ದಿನದ ಒಂದು ಸರಾಸರಿ ಬೆಲೆ, 26 ದಿನದ ಇನ್ನೊಂದು ಸರಾಸರಿ ಬೆಲೆ ತೆಗೆಯುತ್ತಾರೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದು ಎಂಎಸಿಡಿ ಗೆರೆ. ಅದೇ ಗೆರೆಯ 9 ದಿನದ ಸರಾಸರಿಗೆ ಸಿಗ್ನಲ್ ಗೆರೆ ಎಂದು ಹೆಸರು. ಈ ಎರಡು ಗೆರೆಗಳು ಒಂದನ್ನೊಂದು ದಾಟುವವರೆಗೆ ಕಾದರೆ ತಡವಾಗುತ್ತದೆ, ಅದಕ್ಕೂ ಮೊದಲೇ ಸುಳಿವು ಸಿಗಬೇಕು ಎಂದು ಥಾಮಸ್ ಆಸ್ಪ್ರೇ 1986ರಲ್ಲಿ ಅವುಗಳ ನಡುವಿನ ಅಂತರವನ್ನೇ ಕಂಬವಾಗಿ ಬಿಡಿಸಿದರು. ಅಂದರೆ ಕಂಬವು ಬೆಲೆಯಿಂದ ಎರಡು ಮೆಟ್ಟಿಲು ದೂರದಲ್ಲಿದೆ. ಎಂಎಸಿಡಿ ಗೆರೆ ಬೆಲೆಯ ಓಟದ ವೇಗವನ್ನು ಹೇಳಿದರೆ, ಕಂಬ ಆ ವೇಗ ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂಬುದನ್ನು ಹೇಳುತ್ತದೆ.

ಒಂದು ಕಾಲ್ಪನಿಕ ಷೇರಿನ ಮೇಲೆ ಇದನ್ನು ನೋಡೋಣ. ಅದು ಬಹಳ ದಿನ 1,000 ರೂಪಾಯಿಯಲ್ಲೇ ನಿಂತಿತ್ತು ಎಂದುಕೊಳ್ಳಿ. ಅಲ್ಲಿಯವರೆಗೆ ಎಂಎಸಿಡಿಯೂ ಸೊನ್ನೆ, ಕಂಬವೂ ಸೊನ್ನೆ. ಆಮೇಲೆ ಅದು ಒಂದು ದಿನವೂ ತಪ್ಪದೆ ದಿನಕ್ಕೆ 10 ರೂಪಾಯಿಯಂತೆ ಏರತೊಡಗಿತು. ಐದನೆಯ ದಿನ ಕಂಬದ ಎತ್ತರ 5.2, ಹತ್ತನೆಯ ದಿನ 9.1, ಹದಿನಾಲ್ಕನೆಯ ದಿನ 9.7. ಅದೇ ಶಿಖರ. ಹದಿನೈದನೆಯ ದಿನದಿಂದ ಕಂಬಗಳು ಗಿಡ್ಡವಾಗುತ್ತ ಹೋಗುತ್ತವೆ. ಇಪ್ಪತ್ತನೆಯ ದಿನ 8.4, ಮೂವತ್ತನೆಯ ದಿನ ಸುಮಾರು 5. ಬೆಲೆಯಾದರೋ ಒಂದು ದಿನವೂ ಏರಿಕೆ ಬಿಟ್ಟಿಲ್ಲ. ಹದಿನಾಲ್ಕನೆಯ ದಿನ 1,140 ಇದ್ದದ್ದು ಮೂವತ್ತನೆಯ ದಿನ 1,300 ಆಗಿದೆ. ಕಂಬ ಕುಗ್ಗಿತೆಂದು ಮಾರಿದವರ ಕೈಯಿಂದ ಸುಮಾರು 150 ರೂಪಾಯಿಯ ಏರಿಕೆ ಜಾರಿಹೋಯಿತು.

ಇದು ಸೂಚಕದ ದೋಷವಲ್ಲ, ಅದರ ಸ್ವಭಾವ. ಏರಿಕೆ ಒಂದೇ ಸಮನಾಗಿದ್ದರೆ 12 ದಿನದ ಸರಾಸರಿ ಬೆಲೆಗಿಂತ ಐದೂವರೆ ದಿನ ಹಿಂದೆ ಉಳಿಯುತ್ತದೆ, 26 ದಿನದ್ದು ಹನ್ನೆರಡೂವರೆ ದಿನ ಹಿಂದೆ. ಇವೆರಡರ ನಡುವಿನ ಅಂತರ ಏಳು ದಿನದ ಏರಿಕೆ, ಅಂದರೆ ನಮ್ಮ ಷೇರಿನಲ್ಲಿ 70 ರೂಪಾಯಿ. ಎಂಎಸಿಡಿ ಗೆರೆ ಆ ಎಪ್ಪತ್ತರ ಕಡೆಗೆ ನಿಧಾನವಾಗಿ ಸಾಗುತ್ತದೆ, ಸಿಗ್ನಲ್ ಗೆರೆ ಹಿಂದಿನಿಂದ ಬಂದು ಅದನ್ನು ಸೇರಿಕೊಳ್ಳುತ್ತದೆ. ಎರಡೂ ಹತ್ತಿರವಾದಂತೆ ಕಂಬ ಸೊನ್ನೆಯತ್ತ ಇಳಿಯಲೇಬೇಕು.

ಈಗ ಮೂವತ್ತನೆಯ ದಿನದ ನಂತರ ಏರಿಕೆ ದಿನಕ್ಕೆ 4 ರೂಪಾಯಿಗೆ ತಗ್ಗಿತು ಎಂದಿಟ್ಟುಕೊಳ್ಳಿ. ಎಂಎಸಿಡಿ ಗೆರೆ ಮೂವತ್ತೆರಡನೆಯ ದಿನವೇ ಕೆಳಮುಖವಾಗುತ್ತದೆ. ಮೂವತ್ತಾರನೆಯ ದಿನ ಕಂಬ ಸೊನ್ನೆಯ ಕೆಳಗಿಳಿದು ಕೆಂಪಾಗುತ್ತದೆ. ಅವತ್ತಿನ ಬೆಲೆ 1,324, ಅಂದರೆ ಆ ಷೇರು ಅಲ್ಲಿಯವರೆಗೆ ಕಂಡ ಅತಿ ಹೆಚ್ಚಿನ ಬೆಲೆ. ಕೆಂಪು ಕಂಬ ಕಂಡು ಬೆಲೆ ಬೀಳುತ್ತಿದೆ ಎಂದುಕೊಂಡರೆ ಎಡವಿದಂತೆ. ಏರಿಕೆಯ ಬಿರುಸು ಕುಗ್ಗಿದೆ, ಅಷ್ಟೇ. ಆ ಮಟ್ಟಿಗೆ ಅದು ಕೊಟ್ಟ ಸುದ್ದಿ ನಿಜವೇ, ಬೆಲೆಬಾಳುವಂಥದ್ದೇ. ಏರಿಕೆ ಸುಸ್ತಾದ ಮೇಲೆ ಕೆಲವು ಷೇರುಗಳು ತಿರುಗಿ ಬೀಳುತ್ತವೆ, ಕೆಲವು ದಣಿವಾರಿಸಿಕೊಂಡು ಮತ್ತೆ ಮೇಲೇಳುತ್ತವೆ. ಇದು ಯಾವ ಬಗೆಯದು ಎಂದು ಕಂಬ ಹೇಳಲಾರದು.

ಹಾಗಾಗಿ ಕಂಬ ಕುಗ್ಗುತ್ತಿರುವಾಗ ಮೊದಲು ಕಣ್ಣು ಹಾಯಿಸಬೇಕಾದದ್ದು ಎಂಎಸಿಡಿ ಗೆರೆಯ ಮೇಲೆ. ಅದು ಇನ್ನೂ ಏರುತ್ತಿದ್ದರೆ ಸಿಗ್ನಲ್ ಗೆರೆ ಹಿಂದಿನಿಂದ ಬಂದು ಸೇರುತ್ತಿದೆ ಎಂದಷ್ಟೇ ಅರ್ಥ. ನಮ್ಮ ಷೇರಿನಲ್ಲಿ ಹದಿನೈದರಿಂದ ಮೂವತ್ತನೆಯ ದಿನದವರೆಗೆ ಆದದ್ದು ಇದೇ. ಎಂಎಸಿಡಿ ಗೆರೆಯೇ ಬಾಗಿದ್ದರೆ ಬೆಲೆಯ ಓಟ ಸಡಿಲವಾಗಿದೆ. ಬಾಗಿಯೂ ಅದು ಸೊನ್ನೆಗಿಂತ ಬಹಳ ಮೇಲೇ ಇದ್ದರೆ 12 ದಿನದ ಸರಾಸರಿ ಇನ್ನೂ 26 ದಿನದ ಸರಾಸರಿಗಿಂತ ಮೇಲಿದೆ, ಏರುಗತಿ ಮುರಿದಿಲ್ಲ. ಕಂಬವನ್ನು ಮಾತ್ರ ನೋಡುವವರಿಗೆ ಈ ಮೂರು ಸ್ಥಿತಿಗಳೂ ಒಂದೇ ತೆರನಾಗಿ ಕಾಣುತ್ತವೆ.

ಪೇಟೆ ಎತ್ತಲೂ ಸಾಗದೆ ಒಂದೇ ಪಟ್ಟಿಯಲ್ಲಿ ಹೊಯ್ದಾಡುವಾಗ ಕಂಬ ಇನ್ನೊಂದು ರೀತಿ ಕೈಕೊಡುತ್ತದೆ. ಎರಡೂ ಸರಾಸರಿಗಳು ಅಂಟಿಕೊಂಡೇ ಇರುತ್ತವೆ. ಎರಡು ದಿನದ ಸಣ್ಣ ಏರಿಕೆಗೆ ಕಂಬ ಹಸಿರಾಗುತ್ತದೆ, ಎರಡು ದಿನದ ಇಳಿಕೆಗೆ ಕೆಂಪಾಗುತ್ತದೆ. ಪ್ರತಿ ಬಣ್ಣಕ್ಕೂ ಕೊಂಡು ಮಾರಿದವರ ಖಾತೆಯಲ್ಲಿ ಬ್ರೋಕರೇಜು, ತೆರಿಗೆಗಳು ಕರಗುತ್ತಲೇ ಇರುತ್ತವೆ. ಇದನ್ನು ಗುರುತಿಸುವುದು ಕಷ್ಟವಲ್ಲ. ಎಂಎಸಿಡಿ ಗೆರೆ ವಾರಗಟ್ಟಲೆ ಸೊನ್ನೆಯ ಆಸುಪಾಸಿನಲ್ಲೇ ತೆವಳುತ್ತಿದ್ದರೆ ಕಂಬದ ಮಾತಿಗೆ ಕಿವಿಗೊಡಬೇಕಿಲ್ಲ. ಆದರೆ ತಂತ್ರಾಂಶ ಪಟ್ಟಿಯ ಎತ್ತರಕ್ಕೆ ತಕ್ಕಂತೆ ಕಂಬಗಳನ್ನು ಹಿಗ್ಗಿಸಿ ತೋರಿಸುತ್ತದೆ. ಹಾಗಾಗಿ ಅರ್ಧ ರೂಪಾಯಿಯ ಕಂಬವೂ ಬೃಹತ್ತಾಗಿ ಕಾಣಬಹುದು. ಬದಿಯ ಅಂಕಿಯನ್ನು ಓದುವ ಅಭ್ಯಾಸ ಬೇಕು. ಆ ಅಂಕಿ ರೂಪಾಯಿಯಲ್ಲಿರುವುದರಿಂದ 200 ರೂಪಾಯಿಯ ಷೇರಿನ ಕಂಬವನ್ನು 20,000 ರೂಪಾಯಿಯ ಷೇರಿನ ಕಂಬದ ಜೊತೆ ಹೋಲಿಸಲೂ ಬಾರದು.

ಸುದ್ದಿಯ ಮುಂದೆ ಕಂಬ ಎಷ್ಟು ಅಸಹಾಯಕ ಎಂಬುದನ್ನು 2024ರ ಲೋಕಸಭಾ ಚುನಾವಣೆಯ ಫಲಿತಾಂಶದ ದಿನ ತೋರಿಸಿಕೊಟ್ಟಿತು. ಮತಗಟ್ಟೆ ಸಮೀಕ್ಷೆಗಳ ಬಲದಲ್ಲಿ ಜೂನ್ 3ರಂದು ನಿಫ್ಟಿ 733 ಅಂಶ ಜಿಗಿದು 23,263.90ಕ್ಕೆ ಮುಗಿದಿತ್ತು. ಅಂಥ ಜಿಗಿತ ಕಂಬವನ್ನು ಮೇಲಕ್ಕೇ ತಳ್ಳುತ್ತದೆ. ಮರುದಿನ ಎಣಿಕೆ ನಡೆಯುತ್ತಿದ್ದಂತೆ ಸೂಚ್ಯಂಕ 1,379 ಅಂಶ ಕುಸಿದು 21,884.50ಕ್ಕೆ ಬಂತು. ಸಾಮಾನ್ಯ ಹೊಂದಿಕೆಯಲ್ಲಿ ಒಂದು ದಿನದ ಬೆಲೆ ಬದಲಾವಣೆಯ ಸುಮಾರು ಶೇ. 6.4ರಷ್ಟು ಅದೇ ದಿನ ಕಂಬಕ್ಕೆ ಬಡಿಯುತ್ತದೆ. ಆ ಲೆಕ್ಕದಲ್ಲಿ ಬೆಲೆ ನಿಂತಲ್ಲೇ ನಿಂತಿದ್ದರೆ ಇರಬೇಕಾದ ಮಟ್ಟಕ್ಕಿಂತ ಕಂಬ ಸುಮಾರು 88 ಅಂಶ ಕೆಳಗೆ ಬಿತ್ತು. ಆದರೆ ಅದು ಬಿದ್ದದ್ದು ಬೆಲೆ ಬಿದ್ದ ಮೇಲೆ. ಅದನ್ನು ನೋಡಿ ಹೆದರಿ ಮಾರಿದವರ ಕಣ್ಣೆದುರೇ, ಮುಂದಿನ ಮೂರು ವಹಿವಾಟಿನ ದಿನಗಳಲ್ಲಿ, ಜೂನ್ 7ರಂದು ನಿಫ್ಟಿ 23,290.15ಕ್ಕೆ ಮುಗಿದು ಜೂನ್ 3ರ ಮಟ್ಟವನ್ನೂ ದಾಟಿತು.

ಬಳಸುವಾಗ ಇನ್ನೆರಡು ಸಂಗತಿ ನೆನಪಿರಲಿ. ದಿನದ ಚಾರ್ಟಿನಲ್ಲಿ ಇಂದಿನ ಕಂಬ ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುವವರೆಗೂ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಹನ್ನೊಂದು ಗಂಟೆಗೆ ಕಂಡ ತಿರುವು ಸಂಜೆಯ ಚಾರ್ಟಿನಲ್ಲಿ ಇಲ್ಲದೇ ಹೋಗಬಹುದು. ಎರಡನೆಯದು ಇನ್ನೂ ಮುಖ್ಯ. ಯಾವ ಬೆಲೆಗೆ ಇಳಿದರೆ ನಮ್ಮ ಅಂದಾಜು ತಪ್ಪಾಯಿತು ಎಂಬುದನ್ನು ಕಂಬ ಹೇಳುವುದೇ ಇಲ್ಲ. ಸ್ಟಾಪ್‌ಲಾಸ್ ಇಡಲು ಬೇಕಾದ ಆ ಅಂಕಿಯನ್ನು ಹಿಂದಿನ ಇಳಿತದಲ್ಲಿ ಷೇರು ಎಲ್ಲಿ ನಿಂತು ಮೇಲೆದ್ದಿತ್ತು ಎಂದು ಬೆಲೆಯ ಚಾರ್ಟಿನಲ್ಲೇ ಹುಡುಕಿ, ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಬೇಕು.