ಅಜ್ಜನ ಹಳೆಯ ಫೋಟೋ ಸ್ಪಷ್ಟವಾಯಿತು, ಆದರೆ ಆ ಮುಖ ಅಜ್ಜನದೇನಾ?

ತೀರಿಕೊಂಡ ಹಿರಿಯರನ್ನು ಮದುವೆ ಫೋಟೋದಲ್ಲಿ ಸೇರಿಸಿ ಕೊಡುವ ಆ್ಯಪ್‌ಗಳು ಈಗ ಹಲವಾರು ಇವೆ. ಹಳೆಯ ಗ್ರೂಪ್ ಫೋಟೋದಿಂದ ಅಜ್ಜನ ಮುಖ ಕತ್ತರಿಸಿ, ವಧು-ವರರ ಪಕ್ಕದಲ್ಲಿ ಕೂರಿಸಿ, ‘ಎನ್‌ಹ್ಯಾನ್ಸ್’ ಒತ್ತಿದರೆ ಮಸುಕಾಗಿದ್ದ ಮುಖ ಫಳಫಳ ಹೊಳೆಯುತ್ತದೆ. ಆದರೆ ಎಷ್ಟೋ ಸಲ ಅಜ್ಜನನ್ನು ಹತ್ತಿರದಿಂದ ಕಂಡವರಿಗೇ ಅದು ಬೇರೆ ಯಾರೋ ಅನ್ನಿಸುತ್ತದೆ. ಹೀಗೇಕೆ?

ಆ್ಯಪ್ ಮುಖವನ್ನು ಸ್ಪಷ್ಟ ಮಾಡುತ್ತದೆಯೇ, ಹೊಸದಾಗಿ ಬರೆಯುತ್ತದೆಯೇ?

ವಾಟ್ಸಾಪ್‌ನಲ್ಲಿ ಬಂದ ಗ್ರೂಪ್ ಫೋಟೋದಲ್ಲಿ ಅಜ್ಜನ ಮುಖ 64 ಪಿಕ್ಸೆಲ್ ಅಗಲ ಇದೆ ಎಂದುಕೊಳ್ಳಿ. GFPGAN, CodeFormer ಮುಂತಾದ ಮುಖ ಸುಧಾರಿಸುವ ಸಾಫ್ಟ್‌ವೇರ್‌ಗಳು ಮುಖವನ್ನು ಬೇರ್ಪಡಿಸಿ, 512 ಪಿಕ್ಸೆಲ್ ಉದ್ದಗಲದ ಚೌಕಕ್ಕೆ ಹೊಂದಿಸಿ ಕೆಲಸ ಮಾಡುತ್ತವೆ. ಅಂದರೆ ಉದ್ದ 8 ಪಟ್ಟು, ಅಗಲವೂ 8 ಪಟ್ಟು. ಮೂಲ ಫೋಟೋದ ಒಂದು ಚುಕ್ಕೆ ಇದ್ದ ಜಾಗದಲ್ಲಿ ಈಗ 64 ಚುಕ್ಕೆಗಳು ಬೇಕು.

ಉಳಿದದ್ದು ಎಲ್ಲಿಂದ ಬರುತ್ತದೆ? ಈ ಎರಡೂ ಸಾಫ್ಟ್‌ವೇರ್‌ಗಳು ಫ್ಲಿಕರ್ ತಾಣದಿಂದ ಸಂಗ್ರಹಿಸಿದ 70,000 ಮುಖಗಳ ಚಿತ್ರಗಳಿಂದ ಕಲಿತಿವೆ. ‘ಇಂತಹ ಮಸುಕಿನ ಹಿಂದೆ ಸಾಮಾನ್ಯವಾಗಿ ಇಂತಹ ಕಣ್ಣು, ಇಂತಹ ತುಟಿ ಇರುತ್ತದೆ’ ಎಂದು ಊಹಿಸಿ ತುಂಬುತ್ತವೆ. ಹಾಗಾಗಿ ಸುಕ್ಕುಗಳು ಮಾಯವಾಗುತ್ತವೆ, ಎಲೆ-ಅಡಿಕೆ ತಿಂದ ಹಲ್ಲು ಬೆಳ್ಳಗಾಗುತ್ತದೆ, ಸ್ವಲ್ಪ ಓರೆಯಿದ್ದ ಕಣ್ಣು ನೆಟ್ಟಗಾಗುತ್ತದೆ. ನಾವು ಗುರುತು ಹಿಡಿಯುವುದೇ ಇಂತಹ ವಿಶೇಷಗಳಿಂದ.

2020ರಲ್ಲಿ ಇದು ಜಗತ್ತಿಗೇ ಕಂಡಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪಲ್ಸ್ ಎಂಬ ಸಾಫ್ಟ್‌ವೇರ್‌ಗೆ ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟಾಗ, ಅದು ಬಿಳಿಯ ವ್ಯಕ್ತಿಯೊಬ್ಬನ ಸ್ಪಷ್ಟ ಮುಖವನ್ನು ಕೊಟ್ಟಿತು.

ಹಾಗಾದರೆ ಅಜ್ಜನ ಗುರುತು ಉಳಿಸುವುದು ಹೇಗೆ?

ಮೊದಲು ಊಹೆಯ ಪಾಲು ಕಡಿಮೆ ಮಾಡಬೇಕು. ಆಲ್ಬಮ್‌ನಲ್ಲಿರುವ ಮೂಲ ಪ್ರಿಂಟನ್ನು ಹುಡುಕಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಪ್ರಿಂಟಿನಲ್ಲಿ ಮುಖ ಒಂದೂವರೆ ಸೆಂಟಿಮೀಟರ್ ಅಗಲವಿದ್ದರೆ ಸುಮಾರು 350 ಪಿಕ್ಸೆಲ್ ಸಿಗುತ್ತದೆ. ಆಗ 8 ಪಟ್ಟು ಅಲ್ಲ, ಒಂದೂವರೆ ಪಟ್ಟು ಹಿಗ್ಗಿಸಿದರೆ ಸಾಕು.

ಎರಡನೆಯದಾಗಿ, ಜೋಡಿಸಿದ ಫೋಟೋ ಪೂರ್ತಿಗೆ ‘ಎನ್‌ಹ್ಯಾನ್ಸ್’ ಒತ್ತಬೇಡಿ. ಹಾಗೆ ಮಾಡಿದರೆ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಬಂದಿರುವ ವಧು-ವರರ ಮುಖಗಳನ್ನೂ ಸಾಫ್ಟ್‌ವೇರ್ ತಿದ್ದಿಬಿಡುತ್ತದೆ. ಮುಖ ಸುಧಾರಣೆ ಆಫ್ ಮಾಡಿ ಇಡೀ ಫೋಟೋವನ್ನು ದೊಡ್ಡದು ಮಾಡಿದ ಒಂದು ಪ್ರತಿ ಇಟ್ಟುಕೊಳ್ಳಿ. ಮುಖ ಸುಧಾರಿಸಿದ ಇನ್ನೊಂದು ಪ್ರತಿಯಿಂದ ಅಜ್ಜನ ಮುಖವನ್ನಷ್ಟೇ ತೆಗೆದು ಅದರ ಮೇಲೆ ಪದರವಾಗಿ ಇಡಿ.

CodeFormer ಬಳಸುವುದಾದರೆ ಅದರಲ್ಲಿ `w` ಎಂಬ ಅಳತೆ ಇದೆ, 0ಯಿಂದ 1ರವರೆಗೆ. 0 ಕಡೆಗೆ ಹೋದಷ್ಟೂ ಮುಖ ನುಣುಪಾಗುತ್ತದೆ, ಊಹೆ ಹೆಚ್ಚುತ್ತದೆ. 1ರ ಕಡೆಗೆ ಹೋದಷ್ಟೂ ಮೂಲಕ್ಕೆ ಹತ್ತಿರವಿರುತ್ತದೆ, ಒಂದಿಷ್ಟು ಮಸುಕೂ ಉಳಿಯುತ್ತದೆ. 0.8ರಿಂದ ಶುರು ಮಾಡಿ ನೋಡಿ. ಆಮೇಲೆ ಆ ಪದರದ ಒಪ್ಯಾಸಿಟಿಯನ್ನು 40% ಆಸುಪಾಸಿಗೆ ಇಳಿಸಿದರೆ ಕೆಳಗಿನ ಅಸಲಿ ಮುಖ ಕಾಣಿಸುತ್ತದೆ, ಸುಕ್ಕು-ಮಚ್ಚೆಗಳು ಮರಳುತ್ತವೆ.

ಮುಖ ಬದಲಾಗಿದೆಯೇ ಎಂದು ತಿಳಿಯುವುದು ಹೇಗೆ?

ಹೊಸ ಮುಖವನ್ನು ಮತ್ತೆ ಮೊದಲಿನ ಗಾತ್ರಕ್ಕೆ ಕುಗ್ಗಿಸಿ, ಮೂಲದ ಜೊತೆ ಒಂದಾದ ಮೇಲೊಂದು ತೆರೆದು ನೋಡಿ. ಕಣ್ಣು, ತುಟಿಯ ಅಂಚು ಅಥವಾ ಹುಬ್ಬು ಜಿಗಿದಂತೆ ಕಂಡರೆ ಮುಖ ಖಂಡಿತ ಬದಲಾಗಿದೆ.

ಜಿಗಿಯದಿದ್ದರೆ ಮುಖ ಸರಿಯಾಗಿದೆ ಎಂದರ್ಥವೇ? ಅಲ್ಲ. ಕುಗ್ಗಿಸಿದಾಗ ಮೂಲಕ್ಕೆ ಹೊಂದುವಂತಹ ಮುಖವನ್ನೇ ಹುಡುಕುವಂತೆ ಪಲ್ಸ್ ಅನ್ನು ರೂಪಿಸಲಾಗಿತ್ತು. ಆದರೂ ಬಂದದ್ದು ಬೇರೆಯವನ ಮುಖ. ಏಕೆಂದರೆ ಹಲವು ಬೇರೆ ಬೇರೆ ಮುಖಗಳು ಕುಗ್ಗಿದಾಗ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಅಜ್ಜನ ಇನ್ನೊಂದು ಸ್ಪಷ್ಟ ಫೋಟೋ ಇಟ್ಟುಕೊಂಡು ಕಣ್ಣುರೆಪ್ಪೆಯ ಮಡಿಕೆ, ಕಿವಿಯ ಆಕಾರ, ಮೂಗಿನ ತುದಿ, ಹಲ್ಲಿನ ಸಾಲುಗಳನ್ನು ಒಂದೊಂದಾಗಿ ಹೋಲಿಸಿ. ಅವರ ಜೊತೆ ಬದುಕಿದವರಿಗೆ ತೋರಿಸಿ ಕೇಳಿ.

ಕೊನೆಯದಾಗಿ, ಮೂಲ ಪ್ರಿಂಟ್ ಕಳೆದುಹೋಗಿ 64 ಪಿಕ್ಸೆಲ್ ಮುಖ ಮಾತ್ರ ಉಳಿದಿದ್ದರೆ, ಯಾವ ಆ್ಯಪ್ ಕೂಡ ಅಸಲಿ ಮುಖವನ್ನು ಮರಳಿ ತರಲಾರದು. ಅಂತಹ ಫೋಟೋವನ್ನು ಮಸುಕಾಗಿಯೇ, ಚಿಕ್ಕದಾಗಿಯೇ ಬಳಸುವುದು ಒಳ್ಳೆಯದು. ಸಿಸಿಟಿವಿ ದೃಶ್ಯವನ್ನು ಹೀಗೆ ‘ಸ್ಪಷ್ಟ’ ಮಾಡಿ ‘ಇವನೇ ಕಳ್ಳ’ ಎಂದು ಹಂಚುವ ಫಾರ್ವರ್ಡ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಕಾಣುವ ಕಣ್ಣು-ಮೂಗು ಸಾಫ್ಟ್‌ವೇರ್‌ನ ಊಹೆ. ಅದಕ್ಕೆ ಹೋಲುವ ನಿರಪರಾಧಿಯೊಬ್ಬ ನಿಮ್ಮ ಊರಿನಲ್ಲೇ ಇರಬಹುದು. ಅದನ್ನು ಫಾರ್ವರ್ಡ್ ಮಾಡಬೇಡಿ.