ಹೊಸ ಸಪ್ಲೈಯರ್‌ಗೆ ಮೊದಲ ವಾರದ ತರಬೇತಿ: ಮೇಜಿನ ಕ್ರಮ ಮೊದಲು, ಹೆಚ್ಚುವರಿ ಮಾರಾಟ ನಂತರ

ಕುಟುಂಬ ಸಮೇತ ಗ್ರಾಹಕರು ಬರುವ ಸಸ್ಯಾಹಾರಿ ಹೋಟೆಲುಗಳಲ್ಲಿ ಹೊಸದಾಗಿ ಸೇರಿದ ಸಪ್ಲೈಯರ್‌ಗೆ ಮೊದಲ ದಿನವೇ ಚೀಟಿ ಪುಸ್ತಕವನ್ನು ಕೈಗಿತ್ತು, ‘ಸೂಪ್ ಕೇಳು, ಐಸ್‌ಕ್ರೀಮ್ ಕೇಳು’ ಎಂದು ಹೇಳಿ ಕಳುಹಿಸುವ ರೂಢಿ ಸಾಮಾನ್ಯವಾಗಿದೆ. ಬಿಲ್ಲಿನ ಮೊತ್ತ ಏರಲಿ ಎಂಬ ಮಾಲೀಕರ ಅಪೇಕ್ಷೆ ಸಹಜವಾದುದೇ. ಆದರೆ ಲೆಕ್ಕ ಹಾಕಿ ನೋಡಿದಾಗ, ಹೆಚ್ಚುವರಿ ತಿನಿಸಿನಿಂದ ಬರುವ ಆದಾಯಕ್ಕಿಂತ ಮೇಜಿನ ಕ್ರಮ ತಪ್ಪುವುದರಿಂದ ಆಗುವ ನಷ್ಟವೇ ದೊಡ್ಡದೆಂಬುದು ಕಂಡುಬರುತ್ತದೆ.

ಹನ್ನೆರಡು ಮೇಜುಗಳ ಒಂದು ಹೋಟೆಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಭಾನುವಾರ ಸಂಜೆ 7.30ರಿಂದ 10ರವರೆಗೆ, ಅಂದರೆ 150 ನಿಮಿಷ, ಅಲ್ಲಿ ಹೆಚ್ಚಿನ ಜನಸಂದಣಿ. ಒಂದು ಕುಟುಂಬ 45 ನಿಮಿಷದಲ್ಲಿ ಊಟ ಮುಗಿಸಿ ಎದ್ದರೆ ಪ್ರತಿ ಮೇಜಿಗೂ ಮೂರು ಸರದಿ ದೊರೆಯುತ್ತದೆ. ತಪ್ಪು ತಿನಿಸು ಬಂದು, ಅದನ್ನು ಹಿಂದಕ್ಕೆ ಕಳುಹಿಸಿ, ಬಿಲ್ಲಿಗಾಗಿ ಕಾದು, ಅದೇ ಊಟ 60 ನಿಮಿಷವಾದರೆ ಮೂರನೆಯ ಸರದಿಗೆ ಉಳಿಯುವುದು ಅರ್ಧ ಗಂಟೆ ಮಾತ್ರ. ಬಾಗಿಲಲ್ಲಿ ಕಾಯುತ್ತಿದ್ದವರು ಬೇರೆಡೆಗೆ ಹೋಗುತ್ತಾರೆ. ಒಂದು ಮೇಜಿನ ಬಿಲ್ಲು 600 ರೂಪಾಯಿ ಎಂದಿಟ್ಟುಕೊಂಡರೆ, 60 ರೂಪಾಯಿಯ ಜಾಮೂನನ್ನು ಹತ್ತು ಬಾರಿ ಮಾರಿದರೆ ಮಾತ್ರ ಆ ಒಂದು ಸರದಿಯ ವಹಿವಾಟು ತುಂಬಿಬರುತ್ತದೆ. ಆದುದರಿಂದ ಮೊದಲ ವಾರದ ಪಾಠವನ್ನು ಮೇಜಿನ ಕ್ರಮ, ಆರ್ಡರ್ ಬರೆಯುವಿಕೆ, ಸಲಹೆ ಎಂಬ ಅನುಕ್ರಮದಲ್ಲಿಯೇ ನಡೆಸುವುದು ಲಾಭದಾಯಕ.

ಮೊದಲ ಎರಡು ದಿನ: ಮೇಜಿನ ಕ್ರಮ

ಈ ಎರಡು ದಿನಗಳಲ್ಲಿ ಹೊಸಬನು ಆರ್ಡರ್ ತೆಗೆದುಕೊಳ್ಳತಕ್ಕದ್ದಲ್ಲ. ಅನುಭವಿ ಸಪ್ಲೈಯರ್ ಒಬ್ಬನ ಜೊತೆಯಲ್ಲಿದ್ದು ನೀರು ಕೊಡುವುದು, ತಟ್ಟೆ ಇಡುವುದು, ಮೇಜು ತೆಗೆಯುವುದು ಇಷ್ಟನ್ನೇ ಮಾಡಬೇಕು. ಮೇಜಿನ ಸಂಖ್ಯೆಯ ಜೊತೆಗೆ ಕುರ್ಚಿಯ ಸಂಖ್ಯೆಯೂ ಅವನಿಗೆ ಬಾಯಿಪಾಠವಾಗಬೇಕು. ಅಡುಗೆಮನೆಯ ಬಾಗಿಲಿಗೆ ಹತ್ತಿರವಿರುವ ಕುರ್ಚಿಯನ್ನು ಒಂದು ಎಂದು ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸುವುದು ಸುಲಭ ವಿಧಾನ. ಯಾವ ಕುರ್ಚಿಯಿಂದ ಆರಂಭಿಸಿದರೂ ಅಡ್ಡಿಯಿಲ್ಲ. ಎಲ್ಲ ಮೇಜುಗಳಿಗೂ ಎಲ್ಲ ನೌಕರರಿಗೂ ನಿಯಮ ಒಂದೇ ಆಗಿರಬೇಕು.

ಕ್ರಮವು ಹೀಗೆ ಸಾಗುತ್ತದೆ: ಗ್ರಾಹಕರು ಕುಳಿತ ಕೂಡಲೇ ನೀರು ಮತ್ತು ಮೆನು, ಅವರು ಮೆನುವನ್ನು ಕೆಳಗಿಟ್ಟಾಗ ಆರ್ಡರ್, ಬರೆದುದನ್ನು ಓದಿ ಹೇಳುವುದು, ಅಡುಗೆಮನೆಗೆ ಚೀಟಿ, ತಿನಿಸು ಬರುವ ಮೊದಲೇ ತಟ್ಟೆ, ಚಮಚ, ಬಡಿಸಿದ ಎರಡು ನಿಮಿಷಗಳೊಳಗೆ ಒಮ್ಮೆ ವಿಚಾರಣೆ, ಎಲ್ಲರೂ ಮುಗಿಸಿದ ನಂತರ ಮೇಜು ತೆಗೆಯುವುದು, ಸಿಹಿ ಅಥವಾ ಕಾಫಿಯ ಪ್ರಶ್ನೆ, ಕೊನೆಗೆ ಬಿಲ್ಲು. ಇವುಗಳಲ್ಲಿ ಹೊಸಬರು ಹೆಚ್ಚಾಗಿ ಮರೆಯುವುದು ಬಡಿಸಿದ ನಂತರದ ವಿಚಾರಣೆಯನ್ನು. ಪಲ್ಯದಲ್ಲಿ ಉಪ್ಪು ಕಡಿಮೆಯಾಗಿರುವುದು ಎರಡನೆಯ ತುತ್ತಿನಲ್ಲಿ ತಿಳಿದರೆ ಸರಿಪಡಿಸಬಹುದು. ಬಿಲ್ಲು ಕೊಡುವಾಗ ತಿಳಿದರೆ ಮಾಡುವುದೇನೂ ಉಳಿಯುವುದಿಲ್ಲ. ಗ್ರಾಹಕರು ಕೈಯೆತ್ತಿ ಕರೆಯಬೇಕಾಗಿ ಬಂದರೆ ಕ್ರಮದ ಯಾವುದೋ ಒಂದು ಮೆಟ್ಟಿಲು ತಪ್ಪಿದೆಯೆಂದೇ ತಿಳಿಯಬೇಕು.

ಮೂರು ಮತ್ತು ನಾಲ್ಕನೆಯ ದಿನ: ಚೀಟಿ ಬರೆಯುವುದು

ಮೂರನೆಯ ದಿನ ನೌಕರರೇ ಗ್ರಾಹಕರಂತೆ ಕುಳಿತು ಆರ್ಡರ್ ಹೇಳಬೇಕು. ನಾಲ್ಕನೆಯ ದಿನ, ಗಿರಾಕಿ ವಿರಳವಾಗಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಎರಡು ಮೇಜುಗಳನ್ನು ಮಾತ್ರ ಅವನಿಗೆ ವಹಿಸಬೇಕು. ಕೆ.ಓ.ಟಿ. ಎಂದು ಕರೆಯಲ್ಪಡುವ ಈ ಚೀಟಿಯಲ್ಲಿ ಮೇಜು, ಸಮಯ, ಕುರ್ಚಿಯ ಸಂಖ್ಯೆ, ತಿನಿಸು, ಪ್ರಮಾಣ ಮತ್ತು ವಿಶೇಷ ಸೂಚನೆ ಇರಬೇಕು. ಒಂದು ಪ್ರತಿ ಅಡುಗೆಮನೆಗೆ, ಒಂದು ಕ್ಯಾಶ್ ಕೌಂಟರ್‌ಗೆ, ಒಂದು ಪುಸ್ತಕದಲ್ಲಿ.

ಏಳನೆಯ ಮೇಜಿನಲ್ಲಿ ನಾಲ್ವರ ಕುಟುಂಬ ಕುಳಿತಿದೆ ಎನ್ನೋಣ. ಒಂದನೆಯ ಕುರ್ಚಿಯಲ್ಲಿರುವ ಅಜ್ಜಿಗೆ ಈರುಳ್ಳಿಯಿಲ್ಲದ ಸಾದಾ ದೋಸೆ. ಎರಡು ಮತ್ತು ಮೂರನೆಯ ಕುರ್ಚಿಯ ದಂಪತಿಗಳಿಗೆ ರೋಟಿ ಮತ್ತು ಒಂದು ಪನೀರ್ ಮಸಾಲ. ನಾಲ್ಕನೆಯ ಕುರ್ಚಿಯ ಬಾಲಕನಿಗೆ ಮೊದಲು ಗೋಬಿ ಮಂಚೂರಿ, ಆಮೇಲೆ ಮಸಾಲೆ ದೋಸೆ. ಕುರ್ಚಿಯ ಸಂಖ್ಯೆ ಬರೆಯದಿದ್ದರೆ ಎರಡು ದೋಸೆಗಳೊಡನೆ ಬಂದವನು ‘ಸಾದಾ ಯಾರಿಗೆ?’ ಎಂದು ಕೂಗಬೇಕಾಗುತ್ತದೆ. ಈರುಳ್ಳಿ ಪಲ್ಯದ ದೋಸೆ ಅಜ್ಜಿಯ ಮುಂದೆ ಬಂದರೆ ಅವರು ಅಲ್ಲಿ ಊಟ ಮಾಡುವುದೇ ಕಷ್ಟ. ಅಷ್ಟೇ ಅಲ್ಲ, ಸಾಂಬಾರಿನಲ್ಲಿಯೂ ಈರುಳ್ಳಿ ಇರುತ್ತದೆ. ಇದನ್ನು ಬಲ್ಲ ಸಪ್ಲೈಯರ್, ‘ಅಮ್ಮಾ, ಸಾಂಬಾರಿಗೆ ಈರುಳ್ಳಿ ಹಾಕಿದೆ, ಬರೀ ಕಾಯಿ ಚಟ್ನಿ ತರಲೇ?’ ಎಂದು ಮೊದಲೇ ಕೇಳುತ್ತಾನೆ. ಚಟ್ನಿಗೆ ಏನು ಹಾಕಿದೆಯೆಂದು ತಿಳಿಯದಿದ್ದರೆ ಊಹಿಸಿ ಹೇಳದೆ, ಭಟ್ಟರನ್ನು ಕೇಳಿ ಬರಬೇಕು.

ಮುಂದಿನದು ಸಮಯದ ಹೊಂದಾಣಿಕೆ. ದೋಸೆ, ತಂದೂರ್, ಚೈನೀಸ್ ವಿಭಾಗಗಳು ಬೇರೆಬೇರೆಯಾಗಿರುವಲ್ಲಿ ಒಂದೊಂದಕ್ಕೂ ಪ್ರತ್ಯೇಕ ಚೀಟಿ ಹೋಗುತ್ತದೆ. ದೋಸೆ ಮತ್ತು ರೋಟಿ ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತವೆ. ಪನೀರ್ ಮಸಾಲಕ್ಕೆ ಸುಮಾರು ಹತ್ತು ನಿಮಿಷ ಬೇಕು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಕೊಟ್ಟರೆ ಅಜ್ಜಿಯ ದೋಸೆ ಮೊದಲೇ ಬಂದು ಅವರೊಬ್ಬರೇ ಊಟ ಮಾಡಬೇಕಾಗುತ್ತದೆ. ರೋಟಿ ಆರಿ ಗಟ್ಟಿಯಾಗುತ್ತದೆ. ಗೋಬಿ ಮತ್ತು ಪನೀರ್ ಚೀಟಿಗಳನ್ನು ಕೂಡಲೇ ಕೊಟ್ಟು, ಗೋಬಿ ಅರ್ಧ ಖಾಲಿಯಾದಾಗ ದೋಸೆ ಮತ್ತು ರೋಟಿಯ ಚೀಟಿ ಕೊಡುವುದೇ ಸರಿಯಾದ ಕ್ರಮ. ರೋಟಿಯನ್ನು ಮೊದಲು ತಲಾ ಒಂದರಂತೆ ಹೇಳಿ, ಅದು ಮುಗಿಯುವ ಮೊದಲು ‘ಇನ್ನೊಂದು ಹಾಕಿಸಲೇ?’ ಎಂದು ಕೇಳಬೇಕು. ಇದರಿಂದ ಬಿಸಿ ರೋಟಿಯೂ ಸಿಗುತ್ತದೆ, ಮರು ಆರ್ಡರೂ ಬರುತ್ತದೆ.

ಐದನೆಯ ದಿನ: ಸಲಹೆ

ಸಲಹೆಗೆ ಪ್ರಶಸ್ತವಾದ ಸಂದರ್ಭಗಳು ಎರಡು: ಗ್ರಾಹಕರು ಮೆನು ನೋಡುತ್ತಿರುವಾಗ ಹಾಗೂ ಮೇಜು ತೆಗೆದ ನಂತರ. ಪ್ರತಿ ಸಂದರ್ಭದಲ್ಲಿ ಒಂದೇ ತಿನಿಸನ್ನು, ಹೆಸರು ಹಿಡಿದು, ಒಂದೇ ಬಾರಿ ಹೇಳಬೇಕು. ‘ಮತ್ತೇನು ಸಾರ್?’ ಎಂಬ ಪ್ರಶ್ನೆಗೆ ‘ಏನೂ ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಜಾಮೂನು ಈಗತಾನೇ ಬಿಸಿಯಾಗಿ ಬಂದಿದೆ, ಒಂದು ಪ್ಲೇಟ್ ತರಲೇ?’ ಎಂದಾಗ ಗ್ರಾಹಕರು ಯೋಚಿಸುತ್ತಾರೆ. ಹೊಸಬನಿಗೆ ಆ ದಿನ ಮೂರೇ ತಿನಿಸುಗಳನ್ನು ಹೇಳಿಕೊಟ್ಟು, ಅವುಗಳ ರುಚಿ ತೋರಿಸಿ, ಬೆಲೆ ತಿಳಿಸಿದರೆ ಸಾಕು.

ಇದಕ್ಕೆ ಮಿತಿಗಳೂ ಇವೆ. ಕೇಳದೆ ಬಾಟಲಿ ನೀರಿನ ಮುಚ್ಚಳ ತೆಗೆಯುವುದು ಮಾರಾಟವಲ್ಲ. ‘ಬಾಟಲಿ ನೀರೋ, ಸಾದಾ ನೀರೋ?’ ಎಂದು ಎರಡನ್ನೂ ಹೇಳಿ ಕೇಳಬೇಕು. ಇಬ್ಬರು ಮೂರು ಪಲ್ಯ ಹೇಳಿದರೆ, ‘ಇಬ್ಬರಿಗೆ ಎರಡು ಸಾಕಾಗುತ್ತದೆ ಸಾರ್’ ಎನ್ನುವ ಸಪ್ಲೈಯರ್‌ನ ಮುಂದಿನ ಸಲಹೆಯನ್ನು ಗ್ರಾಹಕರು ನಂಬುತ್ತಾರೆ. ಬಾಗಿಲಲ್ಲಿ ಜನ ಕಾಯುತ್ತಿರುವಾಗ ತಯಾರಿಗೆ ಸಮಯ ಹಿಡಿಯುವ ತಿನಿಸನ್ನು ಸೂಚಿಸುವುದು ಮೊದಲು ಹೇಳಿದ ಲೆಕ್ಕಕ್ಕೇ ವಿರುದ್ಧ. ಆಗ ಸಿಹಿಯನ್ನು ಪಾರ್ಸೆಲ್ ಆಗಿ ಸೂಚಿಸುವುದು ಸೂಕ್ತ.

ಕೊನೆಯ ಎರಡು ದಿನ: ಪರೀಕ್ಷೆ

ಆರನೆಯ ದಿನ ಜನಸಂದಣಿಯ ಹೊತ್ತಿನಲ್ಲಿ ಮೂರು ಮೇಜುಗಳನ್ನು ಕೊಟ್ಟು ಕ್ಯಾಪ್ಟನ್ ದೂರದಿಂದ ಗಮನಿಸಬೇಕು. ಏಳನೆಯ ದಿನ ರಾತ್ರಿ ಅವನ ಚೀಟಿ ಪುಸ್ತಕವನ್ನು ಮಾಲೀಕರೇ ತೆರೆದು, ಕುರ್ಚಿಯ ಸಂಖ್ಯೆ ಇಲ್ಲದ ಚೀಟಿಗಳೆಷ್ಟು, ಹಿಂದಕ್ಕೆ ಬಂದ ತಿನಿಸುಗಳೆಷ್ಟು, ಬಿಲ್ಲಿಗೂ ಚೀಟಿಗೂ ತಾಳೆಯಾಗದವು ಎಷ್ಟು ಎಂದು ಅವನ ಎದುರಿನಲ್ಲಿಯೇ ಎಣಿಸಬೇಕು. ತಪ್ಪುಗಳು ಚೀಟಿಯಲ್ಲಿದ್ದರೆ ಮೂರನೆಯ ದಿನದ ಪಾಠ, ಕಾಯಿಸುವಿಕೆಯಲ್ಲಿದ್ದರೆ ಮೊದಲ ದಿನದ ಪಾಠ ಮರುಕಳಿಸಬೇಕು. ಈ ಮೂರು ಎಣಿಕೆಗಳೂ ಸಮಾಧಾನಕರವಾಗಿದ್ದಲ್ಲಿ ಮಾತ್ರ, ಎರಡನೆಯ ವಾರದಿಂದ ಅವನ ಮೇಜುಗಳ ಬಿಲ್ಲಿನ ಮೊತ್ತವನ್ನು ಗಮನಿಸಲು ಆರಂಭಿಸಬಹುದು.